ಎಣಿಕೆ ಸರಿಯಿತ್ತು, ದರ ಬೇರೆಯಿತ್ತು

ತಿಂಗಳ ಕೊನೆಯ ದಿನ ಸಂಜೆ ಆರು ಗಂಟೆಯ ಮೇಲೆ ಸ್ಟೋರ್‌ಕೀಪರ್ ಅವರನ್ನು ಮತ್ತೆ ಗೋದಾಮಿಗೆ ಕಳುಹಿಸಿದ್ದು ನನ್ನನ್ನು ಇಂದಿಗೂ ಚುಚ್ಚುತ್ತದೆ. ಅವರು ಬೇರಿಂಗ್‌ಗಳನ್ನು ಎರಡು ಸಲ ಎಣಿಸಿ ಬಂದು, "250 ಇವೆ ಸರ್, ಬಿನ್ ಕಾರ್ಡ್‌ನಲ್ಲೂ 250" ಎಂದರು. ನಾನು ನಂಬದೆ, ಸರಕು ಹೊರಹೋದಾಗ ಬರೆಯುವ ಇಶ್ಯೂ ಸ್ಲಿಪ್‌ಗಳ ಕಟ್ಟು ತರಿಸಿದೆ. ನನಗಿಂತ ಹದಿನೈದು ವರ್ಷ ಹಿರಿಯರಾದ ಅವರು ಅದನ್ನು ಮೇಜಿನ ಮೇಲಿಟ್ಟು ಸುಮ್ಮನೆ ನಿಂತರು.

ಮರುದಿನ ಬೆಳಿಗ್ಗೆ ದಾಸ್ತಾನು ಪಟ್ಟಿಯಲ್ಲಿ ಫಿಫೊ ಮತ್ತು ತೂಕದ ಸರಾಸರಿ, ಎರಡೂ ಬೆಲೆಗಳನ್ನು ಅಕ್ಕಪಕ್ಕದಲ್ಲಿ ಕೊಡಬೇಕಿತ್ತು. ಆ ಐಟಂನ ಲೆಕ್ಕ ಸರಳವಾಗಿಯೇ ಇತ್ತು. ಆರಂಭದಲ್ಲಿ 100 ರೂಪಾಯಿ ದರದ 200 ಬೇರಿಂಗ್‌ಗಳಿದ್ದವು. 5ರಂದು 110ರ ದರದಲ್ಲಿ 300 ಬಂದವು, 12ರಂದು 350 ಇಶ್ಯೂ ಆದವು. 20ರಂದು 126ರ ದರದಲ್ಲಿ ಇನ್ನೂ 250 ಬಂದವು, 26ರಂದು 150 ಹೋದವು. ಉಳಿಯಬೇಕಾದದ್ದು 250.

ಫಿಫೊದಲ್ಲಿ ಹಳೆಯ ಸರಕು ಮೊದಲು ಹೋಗುವುದರಿಂದ ಉಳಿದ 250 ಕೊನೆಯ ಖರೀದಿಯವು, ಬೆಲೆ 31,500. ಸಾಫ್ಟ್‌ವೇರ್ ಕೂಡ ಅಷ್ಟನ್ನೇ ತೋರಿಸಿತು. ಸರಾಸರಿಗೆ ನಾನು ಇಡೀ ತಿಂಗಳ ಒಟ್ಟು ವೆಚ್ಚ 84,500ನ್ನು 750ರಿಂದ ಭಾಗಿಸಿದೆ. ದರ 112.67, ಅಂತಿಮ ದಾಸ್ತಾನು 28,167. ಸಾಫ್ಟ್‌ವೇರ್ 29,625 ಎಂದಿತು. 1,458 ರೂಪಾಯಿ ಹೆಚ್ಚು.

ಅಷ್ಟು ಕಂಡದ್ದೇ ತಡ, ಯಾವುದೋ ಇಶ್ಯೂ ತಪ್ಪಾಗಿ ನಮೂದಾಗಿದೆ ಎಂದು ತೀರ್ಮಾನಿಸಿಬಿಟ್ಟೆ. ಎರಡು ಗಂಟೆ ಸ್ಲಿಪ್ ಮೇಲೆ ಸ್ಲಿಪ್ ತಿರುವಿದೆ. ಉತ್ತರ ನನ್ನ ಪಟ್ಟಿಯಲ್ಲೇ ಇತ್ತು. ಎರಡೂ ಕಡೆ ಫಿಫೊ ಬೆಲೆ ಪೈಸೆಗೆ ಪೈಸೆ ಕೂಡಿತ್ತು. ಪ್ರಮಾಣದಲ್ಲೋ ಕೊನೆಯ ಖರೀದಿ ಬಿಲ್ಲಿನ ದರದಲ್ಲೋ ತಪ್ಪಿದ್ದರೆ ಅದು ಹಾಗೆ ಕೂಡುತ್ತಿರಲಿಲ್ಲ. ಪ್ರತಿ ಇಶ್ಯೂಗೆ ಲೆಕ್ಕ ಹಾಕಿದರೂ ತಿಂಗಳ ಕೊನೆಗೆ ಒಮ್ಮೆಲೇ ಹಾಕಿದರೂ ಫಿಫೊ ಕೊಡುವುದು ಒಂದೇ ಉತ್ತರ. ಸರಾಸರಿ ಹಾಗಲ್ಲ.

ಕೊನೆಗೆ 29,625ನ್ನು 250ರಿಂದ ಭಾಗಿಸಿದೆ. 118.50 ಬಂತು. ಲೆಡ್ಜರ್‌ನಲ್ಲಿ 20ನೇ ತಾರೀಖಿನ ಮುಂದೆ ಅದೇ ದರ ಕುಳಿತಿತ್ತು. ಸಾಫ್ಟ್‌ವೇರ್ ಹಾಕಿದ್ದು ಚಲಿಸುವ ಸರಾಸರಿ: ಸರಕು ಬಂದಾಗಲೆಲ್ಲ ದರವನ್ನು ಹೊಸದಾಗಿ ಕಟ್ಟುತ್ತದೆ. 5ರಂದು 53,000ಕ್ಕೆ 500, ಅಂದರೆ 106. 350 ಹೋದ ಮೇಲೆ ಉಳಿದ 150ರ ಬೆಲೆ 15,900. ಅದಕ್ಕೆ 31,500 ಸೇರಿದರೆ 400ಕ್ಕೆ 47,400, ಅಂದರೆ 118.50. ನನ್ನ ತಿಂಗಳ ಸರಾಸರಿಯಲ್ಲಿ 12ರಂದು ಹೋದ ಸರಕಿಗೂ ಅಂದು ಇನ್ನೂ ಬಂದಿರದ 126ರ ದರದ ಪಾಲು ತಗುಲಿತ್ತು. ಹಾಗಾಗಿ ಹೋದ ಸರಕು ದುಬಾರಿಯಾಗಿ, ಉಳಿದದ್ದು ಅಗ್ಗವಾಯಿತು. ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಐಎಎಸ್ 2 ಎರಡೂ ಬಗೆಯ ಸರಾಸರಿಯನ್ನು ಒಪ್ಪುತ್ತದೆ. ವರದಿಯ ತಲೆಬರಹದಲ್ಲಿ ಬರಿಯ 'ಸರಾಸರಿ ವೆಚ್ಚ' ಎಂದು ಅಚ್ಚು ಹಾಕುವ ಸಾಫ್ಟ್‌ವೇರ್ ಮೇಲೆ ನನಗೆ ಈಗಲೂ ಸಿಟ್ಟಿದೆ. ಯಾವ ಸರಾಸರಿ ಎಂಬ ಒಂದು ಪದ ಸೇರಿಸಿದ್ದರೆ ಆ ಸಂಜೆ ಹಾಳಾಗುತ್ತಿರಲಿಲ್ಲ.

ಚಲಿಸುವ ಸರಾಸರಿಗೆ ಇನ್ನೊಂದು ತೊಡಕಿದೆ. 20ರ ಬಿಲ್ಲನ್ನು 28ರ ತಾರೀಖಿನಲ್ಲಿ ನಮೂದಿಸಿದರೆ 26ರ ಇಶ್ಯೂ 106ರ ದರದಲ್ಲೇ ಹೋಗುತ್ತದೆ, ಅಂತಿಮ ದಾಸ್ತಾನು 31,500 ಆಗುತ್ತದೆ. ಈ ತಿಂಗಳ ಮಟ್ಟಿಗೆ ಅದು ಫಿಫೊ ಬೆಲೆಯೇ ಆದ್ದರಿಂದ ಯಾರಿಗೂ ಅನುಮಾನ ಬಾರದು. ಈಗ ನಾನು ಬೆಲೆ ನೋಡುವ ಮೊದಲು, ಸರಕು ಬಂದಾಗ ಬರೆಯುವ ಜಿಆರ್‌ಎನ್ ರಸೀದಿಗಳ ತಾರೀಖುಗಳನ್ನು ನೋಡುತ್ತೇನೆ.

ಬೆಳಿಗ್ಗೆ ಸಭೆಯಲ್ಲಿ ವ್ಯವಸ್ಥಾಪಕರು ಕೇಳಿದ್ದು ಒಂದೇ: "ಫಿಫೊಗೆ ಹೋದರೆ 1,875 ಲಾಭ ಹೆಚ್ಚು ಅಲ್ಲವೇ?" ದರ ಏರುತ್ತಿರುವ ಈ ತಿಂಗಳಲ್ಲಿ ಹೌದು ಎಂದೆ. ಆದರೆ ಆ 1,875 ಮುಂದಿನ ತಿಂಗಳ ಆರಂಭಿಕ ದಾಸ್ತಾನಿನಲ್ಲಿ ಕುಳಿತು, ಆ ಸರಕು ಮಾರಾಟವಾದಾಗ ಅಷ್ಟೇ ಲಾಭವನ್ನು ಇಳಿಸುತ್ತದೆ. ದರ ಇಳಿದರೆ ಫಿಫೊ ಬೆಲೆಯೇ ಕೆಳಗಿರುತ್ತದೆ ಎಂದೂ ಹೇಳಿದೆ. ಅವರಿಗೆ ಅದು ರುಚಿಸಲಿಲ್ಲ.

ಸಭೆ ಮುಗಿಸಿ ನೇರವಾಗಿ ಗೋದಾಮಿಗೆ ಹೋದೆ. ತಪ್ಪು ನನ್ನದೆಂದು, ಎಣಿಕೆ ಮೊದಲಿನಿಂದಲೂ ಸರಿಯಿತ್ತೆಂದು ಉಳಿದವರೆದುರೇ ಹೇಳಿ ಕ್ಷಮೆ ಕೇಳಿದೆ. "ಎಣಿಸಿದ್ದು ನಾನಲ್ಲವೇ ಸರ್" ಎಂದಷ್ಟೇ ಹೇಳಿ ಅವರು ಮುಂದಿನ ಬಿನ್ ಕಾರ್ಡ್ ಕೈಗೆತ್ತಿಕೊಂಡರು.