ಟ್ಯೂಷನ್‌ಗೆ ಹೋದರೆ ಮಾರ್ಕ್ಸ್ ಇಳಿಯುತ್ತಾ?

ಒಂಬತ್ತನೇ ಕ್ಲಾಸಿನ ಮಕ್ಕಳು ಮಾಡಿದ ಗಣಿತ ಪ್ರಾಜೆಕ್ಟ್ ಒಂದು ಸರ್ಕ್ಯುಲರ್ ಆಗಿ ಪೋಷಕರ ಕೈಗೆ ಹೋಗುವುದರಲ್ಲಿತ್ತು. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ. ಮಕ್ಕಳ ಮೇಲಲ್ಲ, ಚಾರ್ಟನ್ನು ಅರ್ಧ ನಿಮಿಷ ನೋಡಿ ತೀರ್ಮಾನ ಮಾಡಿಬಿಟ್ಟ ದೊಡ್ಡವರ ಮೇಲೆ.

ಓದುವ ಅಭ್ಯಾಸಗಳ ಬಗ್ಗೆ ಪ್ರಾಜೆಕ್ಟ್. ಮಕ್ಕಳು 80 ಜನರಿಂದ ಫಾರ್ಮ್ ತುಂಬಿಸಿಕೊಂಡಿದ್ದರು. ಅದರಲ್ಲಿ 40 ಜನ ಟ್ಯೂಷನ್‌ಗೆ ಹೋಗುವವರು, 40 ಜನ ಹೋಗದವರು. ಗಣಿತದಲ್ಲಿ ಹೋಗುವವರ ಸರಾಸರಿ 58, ಹೋಗದವರದು 63. ಚಾರ್ಟಿನಲ್ಲಿ ಎರಡು ಕಂಬ, ಒಂದು ಗಿಡ್ಡ, ಒಂದು ಉದ್ದ.

ಸ್ಟಾಫ್ ಮೀಟಿಂಗಿನಲ್ಲಿ ಎಚ್‌ಎಂ ಸರ್ ಅದನ್ನೇ ಎತ್ತಿ ಹಿಡಿದರು. "ನೋಡಿ, ಟ್ಯೂಷನ್‌ನಿಂದ ಮಾರ್ಕ್ಸ್ ಕಡಿಮೆಯಾಗುತ್ತಿದೆ. ಪೋಷಕರಿಗೆ ತಿಳಿಸೋಣ. ಕರಡು ರೆಡಿ ಇದೆ." ಸುತ್ತ ಎಲ್ಲರೂ ತಲೆಯಾಡಿಸಿದರು. ಸಹಿಗೆ ಪೆನ್ನೂ ಕೈಗೆ ಬಂದಿತ್ತು. ನಾನು ಎದ್ದು ಕೇಳಿದೆ: "ಸರ್, ಟ್ಯೂಷನ್‌ಗೆ ಯಾರು ಸೇರುತ್ತಾರೆ? ಗಣಿತ ಕಷ್ಟ ಅನ್ನಿಸಿದವರೇ ಜಾಸ್ತಿ ಅಲ್ವಾ? ಅವರ ಮಾರ್ಕ್ಸ್ ಮೊದಲೇ ಕಡಿಮೆ ಇತ್ತಲ್ಲ?" ಯಾರೂ ಮಾತಾಡಲಿಲ್ಲ. ಸರ್ ಮುಖ ಬಿಗಿಯಾಯಿತು. "ಅಂಕಿ ಸುಳ್ಳಾ ಮೇಡಂ?" ಅಂದರು. ಅಂಕಿ ಸುಳ್ಳಲ್ಲ, ಅದಕ್ಕೆ ಕೊಟ್ಟ ಕಾರಣ ಮಾತ್ರ ಸರಿಯಿಲ್ಲ ಅಂದೆ. ನಾಳೆಯವರೆಗೆ ಕಾಯಲು ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಮರುದಿನ ಮಕ್ಕಳು ಮಾರ್ಕ್ಸ್ ರಿಜಿಸ್ಟರ್ ಇಟ್ಟುಕೊಂಡು ಕೂತರು. ಹೋದ ವರ್ಷ ಗಣಿತದಲ್ಲಿ 60ಕ್ಕಿಂತ ಕಡಿಮೆ ಬಂದವರು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ಟ್ಯೂಷನ್‌ನವರಲ್ಲಿ 30 ಜನ ಕಡಿಮೆ ಗುಂಪಿಗೆ ಬಂದರು, 10 ಜನ ಹೆಚ್ಚಿನ ಗುಂಪಿಗೆ. ಟ್ಯೂಷನ್ ಇಲ್ಲದವರಲ್ಲಿ ಸರಿಯಾಗಿ ತಿರುಗಾಮುರುಗಾ: 10 ಮತ್ತು 30. ಆಮೇಲೆ ಸರಾಸರಿ ತೆಗೆದರು. ಕಡಿಮೆ ಗುಂಪಿನಲ್ಲಿ ಟ್ಯೂಷನ್‌ನವರಿಗೆ 54, ಇಲ್ಲದವರಿಗೆ 48. ಹೆಚ್ಚಿನ ಗುಂಪಿನಲ್ಲಿ 70 ಮತ್ತು 68. ಎರಡೂ ಗುಂಪಿನಲ್ಲಿ ಟ್ಯೂಷನ್‌ನವರೇ ಮುಂದೆ! ಒಟ್ಟು ಲೆಕ್ಕದಲ್ಲಿ ಮಾತ್ರ ಹಿಂದೆ. ಒಬ್ಬ ಹುಡುಗಿ ಕ್ಯಾಲ್ಕುಲೇಟರ್ ಮತ್ತೆ ಒತ್ತಿ ನೋಡಿದಳು. 30 ಜನರ 54, 10 ಜನರ 70 ಸೇರಿಸಿ 40ರಿಂದ ಭಾಗಿಸಿದರೆ ಅದೇ 58. ತಪ್ಪೇನೂ ಇರಲಿಲ್ಲ.

ಹಳೆಯ ಮಾರ್ಕ್ಸ್ ಇಲ್ಲಿ ಎರಡು ಕಡೆ ಕೈಯಾಡಿಸುತ್ತದೆ. ಅದು ಕಡಿಮೆ ಇದ್ದರೆ ಮಗು ಟ್ಯೂಷನ್ ಸೇರುತ್ತದೆ. ಅದು ಕಡಿಮೆ ಇದ್ದರೆ ಈ ವರ್ಷದ ಮಾರ್ಕ್ಸೂ ಕಡಿಮೆ ಬರುವ ಸಂಭವ ಜಾಸ್ತಿ. ಹೀಗೆ ಎರಡಕ್ಕೂ ಕಾರಣವಾಗಿ ಹಿಂದೆ ಅಡಗಿ ಕೂರುವುದನ್ನು ಕನ್‌ಫೌಂಡರ್ ಅನ್ನುತ್ತಾರೆ. ಗುಂಪು ಒಡೆದಾಗ ಲೆಕ್ಕ ಹೀಗೆ ಮಗುಚಿ ಬೀಳುವುದಕ್ಕೆ ಸಿಂಪ್ಸನ್ಸ್ ಪ್ಯಾರಡಾಕ್ಸ್ ಅಂತ ಹೆಸರು. 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರವೇಶದ ಅಂಕಿಗಳಲ್ಲೂ ಇಂಥದ್ದೇ ಕಂಡಿತ್ತು. ಒಟ್ಟಾರೆ ನೋಡಿದರೆ ಹೆಣ್ಣುಮಕ್ಕಳಿಗೆ ಸೀಟು ಸಿಕ್ಕ ಪ್ರಮಾಣ ಕಡಿಮೆ. ವಿಭಾಗವಾರು ನೋಡಿದರೆ ಆ ಅಂತರ ಬಹುಮಟ್ಟಿಗೆ ಇರಲಿಲ್ಲ. ಸೀಟು ಸಿಗುವುದೇ ಕಷ್ಟವಾದ ವಿಭಾಗಗಳಿಗೆ ಅವರು ಹೆಚ್ಚಾಗಿ ಅರ್ಜಿ ಹಾಕಿದ್ದರು.

ಹೊಸ ಚಾರ್ಟ್ ನೋಡಿದ ಮ್ಯಾನೇಜ್‌ಮೆಂಟ್ ಏನು ಮಾಡಿತು ಗೊತ್ತಾ? "ಹಾಗಾದರೆ ಸ್ಪೆಷಲ್ ಕ್ಲಾಸ್ ಎಲ್ಲರಿಗೂ ಕಡ್ಡಾಯ ಮಾಡೋಣ" ಅಂದಿತು. ಮತ್ತದೇ ಅವಸರ. ಹಳೆಯ ಮಾರ್ಕ್ಸ್ ಒಂದನ್ನು ಸರಿದೂಗಿಸಿದ ಮಾತ್ರಕ್ಕೆ ಬೇರೆಲ್ಲ ಸಮವಾಗುವುದಿಲ್ಲ. ಮನೆಯಲ್ಲಿ ಓದಿಸುವವರಿದ್ದಾರಾ? ಮಗುವಿಗೆ ತಾನಾಗಿ ಓದುವ ಹಟ ಇದೆಯಾ? ಇವು ಫಾರ್ಮಿನಲ್ಲೇ ಇರಲಿಲ್ಲ. ಸಾಲದ್ದಕ್ಕೆ ಕಡಿಮೆ ಗುಂಪಿನಲ್ಲಿ ಟ್ಯೂಷನ್ ಇಲ್ಲದವರು ಬರೀ 10 ಜನ. ಒಬ್ಬರಿಬ್ಬರು ಪರೀಕ್ಷೆ ಕೆಡಿಸಿಕೊಂಡರೂ ಆ 48 ಅಲುಗಾಡುತ್ತದೆ.

ಇನ್ನೊಬ್ಬ ಹುಡುಗ, "ಮೇಡಂ, ಹೋಮ್‌ವರ್ಕ್ ಮುಗಿಸುವವರು, ಮುಗಿಸದವರು ಅಂತಲೂ ಒಡೆಯೋಣ" ಅಂದ. ಬೇಡ ಅಂದೆ. ಹೋಮ್‌ವರ್ಕ್ ಮುಗಿಯುವುದು ಟ್ಯೂಷನ್ ಸೇರಿದ ಮೇಲಿನ ಮಾತು. ಟ್ಯೂಷನ್ ಉಪಯೋಗವಾಗುವುದು ಅದರ ಮೂಲಕವೇ ಆಗಿದ್ದರೆ, ಅದನ್ನು ಸಮ ಮಾಡಿದ ಕೂಡಲೇ ಆ ಉಪಯೋಗವೇ ಲೆಕ್ಕದಿಂದ ಮಾಯವಾಗುತ್ತದೆ. ಸೇರುವ ಮೊದಲೇ ಇದ್ದದ್ದು ಯಾವುದು, ಸೇರಿದ ಮೇಲೆ ಆದದ್ದು ಯಾವುದು ಅಂತ ಅವನೇ ಬೋರ್ಡಿನ ಮೇಲೆ ಬಾಣ ಹಾಕಿ ಬರೆದ. ಸ್ಟಾಫ್ ರೂಮಿನಲ್ಲೂ ಅಂಥದ್ದೊಂದು ಬೋರ್ಡ್ ಬೇಕು.

ಸ್ಪೆಷಲ್ ಕ್ಲಾಸಿಗೆ ಸೀಟು ಕಮ್ಮಿ, ಕೇಳುವವರು ಜಾಸ್ತಿ. ಚೀಟಿ ಎತ್ತೋಣ ಅಂತ ನಾನು ಹೇಳಿದೆ. ಚೀಟಿಗೆ ಯಾರ ಹಳೆ ಮಾರ್ಕ್ಸೂ ಗೊತ್ತಿಲ್ಲ, ಯಾರ ಹಟವೂ ಗೊತ್ತಿಲ್ಲ. ಚೀಟಿ ಬಂದವರನ್ನೂ ಬಾರದವರನ್ನೂ ವರ್ಷದ ಕೊನೆಯಲ್ಲಿ ಹೋಲಿಸಬಹುದು. ಚೀಟಿ ಬಂದು ನಡುವೆ ಕ್ಲಾಸು ಬಿಟ್ಟ ಮಗುವನ್ನು ಆ ಪಟ್ಟಿಯಿಂದ ತೆಗೆಯಬಾರದು. ತೆಗೆದರೆ ಉಳಿಯುವುದು ಹಟ ಇರುವವರು ಮಾತ್ರ, ಅಲ್ಲಿಗೆ ಹಳೆ ಕಥೆ ಶುರು. ಎಚ್‌ಎಂ ಸರ್ ಇದಕ್ಕೆ ಒಪ್ಪಿದ್ದಾರೆ. ಚೀಟಿ ಬಾರದ ಮಕ್ಕಳಿಗೆ ಮುಂದಿನ ವರ್ಷ ಮೊದಲ ಸೀಟು ಅಂತ ಬರೆದುಕೊಡಿ ಅಂತ ಕೇಳಿದ್ದೇನೆ, ಅದರ ಆರ್ಡರ್ ಇನ್ನೂ ಬಂದಿಲ್ಲ.