ಸಿಬಿಸಿ ನಾರ್ಮಲ್ ಇದೆ, ಆದರೂ ಗಂಟನ್ನು ಇಡಿಯಾಗಿ ತೆಗೆಸಿದ್ದು ಯಾಕೆ

ನಮ್ಮ ಪೆಥಾಲಜಿ ವಿಭಾಗಕ್ಕೆ ಹೊಸದಾಗಿ ಸೇರಿದ ಜೂನಿಯರ್ ಒಬ್ಬಳು ಕೇಳಿದಳು: "ಮೇಡಂ, ಈ ಹುಡುಗನ ರಕ್ತಕಣಗಳ ಎಣಿಕೆ, ಅಂದರೆ ಸಿಬಿಸಿ, ಸರಿಯಿದೆ, ಸೂಜಿ ಪರೀಕ್ಷೆಯಲ್ಲೂ ಕ್ಯಾನ್ಸರ್ ಕಾಣಲಿಲ್ಲ. ಇನ್ನೂ ಯಾಕೆ ಬಯಾಪ್ಸಿ?"

ಹುಡುಗನಿಗೆ ಇಪ್ಪತ್ತರ ಆಸುಪಾಸು. ಕತ್ತಿನಲ್ಲಿ ನೋವಿಲ್ಲದ, ರಬ್ಬರಿನಂಥ ಗಂಟು. ವಾರಗಳು ಕಳೆದರೂ ಇಳಿದಿಲ್ಲ, ಬದಲಿಗೆ ಬೆಳೆದಿದೆ. ರಾತ್ರಿ ಬಟ್ಟೆ ನೆನೆಯುವಷ್ಟು ಬೆವರು. ನಮಗಿದ್ದ ಅನುಮಾನ ಲಿಂಫೋಮಾ, ಅಂದರೆ ದುಗ್ಧಗ್ರಂಥಿಯ ಕ್ಯಾನ್ಸರ್.

ರಕ್ತದ ಕ್ಯಾನ್ಸರ್ ಎನ್ನುವ ಲ್ಯುಕೇಮಿಯಾ ಅಸ್ಥಿಮಜ್ಜೆಯ ಕಾಯಿಲೆ. ಕೆಟ್ಟ ಕೋಶಗಳು ಅಲ್ಲಿ ಜಾಗ ಹಿಡಿದು, ಸಾಮಾನ್ಯವಾಗಿ ರಕ್ತಕ್ಕೂ ಇಳಿಯುತ್ತವೆ. ಹಾಗಾಗಿ ಸಿಬಿಸಿಯಲ್ಲೇ ಏನಾದರೊಂದು ಏರುಪೇರು ಕಾಣುವುದು ಹೆಚ್ಚು. ಲಿಂಫೋಮಾ ಕೋಶಗಳು ನೆಲೆಸುವುದು ದುಗ್ಧಗ್ರಂಥಿ, ಗುಲ್ಮದಂಥ ಕಡೆ. ಅವು ಅಲ್ಲೇ ಇರುವಷ್ಟು ದಿನ ರಕ್ತದ ರಿಪೋರ್ಟ್ ಅಚ್ಚುಕಟ್ಟಾಗಿಯೇ ಇರಬಹುದು.

ಸೂಜಿಯ ವಿಷಯ ಇನ್ನೂ ಸೂಕ್ಷ್ಮ. ಗಂಟನ್ನು ಇಡಿಯಾಗಿ ತೆಗೆಸಿ ಸ್ಲೈಡ್ ನೋಡಿದಾಗ ಅವಳಿಗೂ ಗೊತ್ತಾಯಿತು. ಎಲ್ಲೆಲ್ಲೂ ಸಾಧಾರಣ ಲಿಂಫೋಸೈಟ್‌ಗಳು, ಇಯೊಸಿನೊಫಿಲ್‌ಗಳು, ಪ್ಲಾಸ್ಮಾ ಕೋಶಗಳು. ಆ ಗುಂಪಿನ ನಡುವೆ ಅಪರೂಪಕ್ಕೊಂದು ದೊಡ್ಡ ಕೋಶ: ಎರಡು ನ್ಯೂಕ್ಲಿಯಸ್, ಒಂದೊಂದರಲ್ಲೂ ದಪ್ಪ ಕೆಂಪು ಚುಕ್ಕೆ, ಗೂಬೆ ಕಣ್ಣು ಬಿಟ್ಟ ಹಾಗೆ. ಇದು ರೀಡ್-ಸ್ಟರ್ನ್‌ಬರ್ಗ್ ಕೋಶ, ಹಾಡ್ಜ್‌ಕಿನ್ ಲಿಂಫೋಮಾದ ಗುರುತು. ಗಂಟಿನಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು ಬೆರಳೆಣಿಕೆಯಷ್ಟೇ. ಉಳಿದದ್ದೆಲ್ಲ ಅವು ಕರೆಸಿಕೊಂಡ ಜನಸಂದಣಿ. ಸೂಜಿಗೆ ಆ ಸಂದಣಿ ಮಾತ್ರ ಸಿಕ್ಕಿದರೆ 'ರಿಯಾಕ್ಟಿವ್', ಅಂದರೆ ಕ್ಯಾನ್ಸರ್ ಅಲ್ಲದ ಊತ, ಅಂತ ರಿಪೋರ್ಟ್ ಬರುತ್ತದೆ.

ಉಳಿದ ಲಿಂಫೋಮಾಗಳು, ಅಂದರೆ ನಾನ್-ಹಾಡ್ಜ್‌ಕಿನ್‌ನಲ್ಲಿ ಚಿತ್ರ ಸಾಮಾನ್ಯವಾಗಿ ಉಲ್ಟಾ. ಕಣ್ಣಿಗೆ ಬೀಳುವ ಬಹುಪಾಲು ಕೋಶಗಳೇ ರೋಗದವು. ಆದರೆ ಅದು ಒಂದೇ ಕಾಯಿಲೆಯಲ್ಲ, ಹತ್ತಾರು ಕಾಯಿಲೆಗಳಿಗೆ ಇಟ್ಟ ಒಂದೇ ಹೆಸರು. ಹೆಚ್ಚಿನವು ಬಿ ಕೋಶದವು, ಕೆಲವು ಟಿ ಕೋಶದವು. ಇವುಗಳಲ್ಲಿ ಫಾಲಿಕ್ಯುಲರ್ ಎಂಬ ಬಗೆ ವರ್ಷಗಟ್ಟಲೆ ನಿಧಾನವಾಗಿ ನಡೆದರೆ, ಬರ್ಕಿಟ್ ಎಂಬುದು ದಿನದಿನಕ್ಕೂ ಊದುತ್ತದೆ. ಹಾಡ್ಜ್‌ಕಿನ್ ಪಕ್ಕದ ಗ್ರಂಥಿಯಿಂದ ಪಕ್ಕದ ಗ್ರಂಥಿಗೆ ಸಾಲಾಗಿ ಹಬ್ಬುವುದು ರೂಢಿ. ನಾನ್-ಹಾಡ್ಜ್‌ಕಿನ್ ನಡುವೆ ಹಾರಿಕೊಂಡು ಹೊಟ್ಟೆ, ಕರುಳಿನಲ್ಲೂ ಕಾಣಿಸಿಕೊಳ್ಳಬಹುದು.

ಕಣ್ಣಳತೆಯ ಮೇಲೆ ಸಹಿ ಹಾಕುವ ಹಾಗಿಲ್ಲ, ಕೋಶದ ಮೇಲಿನ ಗುರುತು ಪ್ರೋಟೀನ್‌ಗಳನ್ನು ಬಣ್ಣದಲ್ಲಿ ತೋರಿಸುವ ಸ್ಟೇನ್ ಬೇಕೇ ಬೇಕು. ಈ ಹುಡುಗನ ದೊಡ್ಡ ಕೋಶಗಳಲ್ಲಿ ಸಿಡಿ30, ಸಿಡಿ15 ಪಾಸಿಟಿವ್, ಸಿಡಿ20 ನೆಗೆಟಿವ್: ಕ್ಲಾಸಿಕ್ ಹಾಡ್ಜ್‌ಕಿನ್. ಬಿ ಕೋಶದ ನಾನ್-ಹಾಡ್ಜ್‌ಕಿನ್ ಆಗಿದ್ದರೆ ಸಿಡಿ20 ಸಾಮಾನ್ಯವಾಗಿ ಪಾಸಿಟಿವ್ ಇರುತ್ತಿತ್ತು. ರಿಟುಕ್ಸಿಮ್ಯಾಬ್ ಎಂಬ ಔಷಧಿ ಹಿಡಿಯುವುದು ಸಿಡಿ20ಯನ್ನೇ, ಹಾಗಾಗಿ ಈ ಒಂದು ಸ್ಟೇನ್‌ಗಾಗಿ ಆಂಕಾಲಜಿಸ್ಟ್ ಕಾಯುತ್ತಿರುತ್ತಾರೆ.

"ಹಾಗಾದರೆ ರಕ್ತದಲ್ಲಿ ಕಂಡರೆ ಲ್ಯುಕೇಮಿಯಾ, ಗಂಟಿನಲ್ಲಿ ಕಂಡರೆ ಲಿಂಫೋಮಾ ಅಲ್ವಾ ಮೇಡಂ?" ಎಂದಳು. ಅಷ್ಟು ಸಲೀಸಲ್ಲ. ಲಿಂಫೋಮಾ ಮಜ್ಜೆಗೂ ರಕ್ತಕ್ಕೂ ಹಬ್ಬಬಹುದು, ಆಗಲೂ ಅದು ಲಿಂಫೋಮಾನೇ. ಸಿಎಲ್‌ಎಲ್ ಎಂಬ ಲ್ಯುಕೇಮಿಯಾ, ಎಸ್‌ಎಲ್‌ಎಲ್ ಎಂಬ ಲಿಂಫೋಮಾ, ಈ ಜೋಡಿಯಲ್ಲಂತೂ ಕೋಶ ಒಂದೇ. ರಕ್ತದ ಪ್ರತಿ ಮೈಕ್ರೋಲೀಟರ್‌ನಲ್ಲಿ ಆ ಬಿ ಕೋಶಗಳು 5,000 ಅಥವಾ ಹೆಚ್ಚಿದ್ದು ಮೂರು ತಿಂಗಳು ಹಾಗೇ ಉಳಿದರೆ ಲ್ಯುಕೇಮಿಯಾ ಅನ್ನುತ್ತೇವೆ. ಅದಕ್ಕಿಂತ ಕಡಿಮೆಯಿದ್ದು ಗ್ರಂಥಿಯಲ್ಲಿ ತುಂಬಿದ್ದರೆ ಲಿಂಫೋಮಾ. ಚಿಕಿತ್ಸೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ.