3.8 ಕಳೆ 3.7

ಈ ವಾರ ಬಂದ ಒಂದು ಫೋಟೊ ಇನ್ನೂ ಕಣ್ಣ ಮುಂದಿದೆ. ರೂಲ್ ಹಾಳೆ, ಪೆನ್ಸಿಲ್ ಅಕ್ಷರ, ನಡುವೆ ಒಂದು ಮಡಿಕೆ, ಬಲಗಡೆ ಮೊಬೈಲಿನದೇ ನೆರಳು. ಕೊನೆಯ ಸಾಲಿನಲ್ಲಿ 1.5 × 10⁵ ಮೀಟರ್ ಪ್ರತಿ ಸೆಕೆಂಡ್ ಎಂದು ಬರೆದು ಚೌಕ ಹಾಕಿದೆ. ಪಕ್ಕದಲ್ಲಿ ಬೇರೆ ಯಾರದೋ ಕೆಂಪು ಶಾಯಿ: "1.9 ಬರಬೇಕು." ಫೋಟೊದ ಕೆಳಗೆ ಹುಡುಗಿಯ ಪ್ರಶ್ನೆ: "ಸರ್, ಸೂತ್ರ ಸರಿ ಇದೆ, ರೌಂಡ್ ಆಫ್ ಕೂಡ ಎಲ್ಲಾ ಕಡೆ ಸರಿಯಾಗೇ ಮಾಡಿದೀನಿ. ತಪ್ಪಾಗಿರೋದು ಎಲ್ಲಿ?"

ಅವಳು ಹೇಳಿದ್ದು ಅಕ್ಷರಶಃ ನಿಜ. ಸೂತ್ರ ಸರಿ, ಅದರಲ್ಲಿ ಹಾಕಿದ ಬೆಲೆಗಳು ಸರಿ, ಒಂದೊಂದು ಸಾಲಿನ ರೌಂಡಿಂಗೂ ನಿಯಮದ ಪ್ರಕಾರವೇ ಇದೆ. ಆದರೂ ಉತ್ತರ ಸುಮಾರು ಶೇಕಡಾ 23ರಷ್ಟು ಕಡಿಮೆ.

ಲೆಕ್ಕ ದ್ಯುತಿವಿದ್ಯುತ್ ಪರಿಣಾಮದ್ದು. 5.20 × 10⁻⁷ ಮೀಟರ್ ತರಂಗಾಂತರದ ಬೆಳಕು 2.28 ಎಲೆಕ್ಟ್ರಾನ್ ವೋಲ್ಟ್ ವರ್ಕ್ ಫಂಕ್ಷನ್, ಅಂದರೆ ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾದ ಕನಿಷ್ಠ ಶಕ್ತಿ, ಇರುವ ಲೋಹದ ಮೇಲೆ ಬೀಳುತ್ತದೆ, ಹೊರಬರುವ ಎಲೆಕ್ಟ್ರಾನಿನ ಗರಿಷ್ಠ ವೇಗ ಎಷ್ಟು? "ಉತ್ತರವನ್ನು ಎರಡು ಸಾರ್ಥಕ ಅಂಕಿಗಳಲ್ಲಿ ಬರೆಯಿರಿ" ಎಂದು ಪ್ರಶ್ನೆಯ ಕೊನೆಗಿದೆ. ಫೋಟಾನಿನ ಶಕ್ತಿಯಿಂದ ವರ್ಕ್ ಫಂಕ್ಷನ್ ಕಳೆದರೆ ಚಲನ ಶಕ್ತಿ, ಅದರಿಂದ ವೇಗ. ಬಳಸಿದ ಸ್ಥಿರಾಂಕಗಳು: ಪ್ಲಾಂಕ್ ಸ್ಥಿರಾಂಕ h = 6.626 × 10⁻³⁴, ಬೆಳಕಿನ ವೇಗ c = 2.998 × 10⁸, ಎಲೆಕ್ಟ್ರಾನ್ ವೋಲ್ಟನ್ನು ಜೂಲ್‌ಗೆ ಬದಲಿಸುವ e = 1.602 × 10⁻¹⁹, ಎಲೆಕ್ಟ್ರಾನಿನ ದ್ರವ್ಯರಾಶಿ 9.109 × 10⁻³¹ ಕಿಲೋಗ್ರಾಂ.

ಮೊದಲು ಅನುಮಾನ ಬಂದದ್ದು ಮಡಿಕೆಯ ಮೇಲೆ. ತರಂಗಾಂತರದ ಘಾತದ ಮೈನಸ್ ಸರಿಯಾಗಿ ಮಡಿಕೆಯ ನೆರಳಿನಲ್ಲಿ ಕೂತಿತ್ತು. ಅದು 10⁻⁷ ಆಗಿರಬಹುದು, 10⁷ ಕೂಡ ಆಗಿರಬಹುದು. ಫೋಟೊ ಎಷ್ಟು ಹಿಗ್ಗಿಸಿದರೂ ಗೊತ್ತಾಗಲಿಲ್ಲ. ಇಂಥ ಕಡೆ ಕಣ್ಣಿಗಿಂತ ಘಾತಗಳ ಕೂಡಿಕೆಯನ್ನು ನಂಬಬೇಕು. ಫೋಟಾನಿನ ಶಕ್ತಿ hc/λ, ಇದರಲ್ಲಿ λ ತರಂಗಾಂತರ. ಅದಕ್ಕೆ ಘಾತಗಳನ್ನಷ್ಟೇ ಕೂಡಿದರೆ −34 + 8 + 7 = −19. ಮೈನಸ್ ಇಲ್ಲದಿದ್ದರೆ −34 + 8 − 7 = −33 ಬರಬೇಕಿತ್ತು. ಅವಳ ಮುಂದಿನ ಸಾಲಿನಲ್ಲಿ −19 ಸ್ಪಷ್ಟವಾಗಿತ್ತು. ಹಾಗಾಗಿ ಮೈನಸ್ ಹಾಳೆಯ ಮೇಲೆ ಇದೆ, ಫೋಟೊದಲ್ಲಿ ಮಾತ್ರ ಕಾಣೆಯಾಗಿದೆ.

ಇದೇ −33 ಇನ್ನೊಂದು ದಾರಿಯಿಂದಲೂ ಬರುತ್ತದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಲ್ಕುಲೇಟರಿನಲ್ಲಿ ಹೀಗೆ ಒತ್ತಿದರೆ:

```
6.626×10^-34×2.998×10^8÷5.20×10^-7
```

ಯಂತ್ರ ಎಡದಿಂದ ಬಲಕ್ಕೆ ಹೋಗುತ್ತದೆ. 5.20ರಿಂದ ಭಾಗಿಸಿ, ಬಂದದ್ದನ್ನು 10⁻⁷ರಿಂದ ಗುಣಿಸುತ್ತದೆ. ನಮಗೆ ಬೇಕಾಗಿದ್ದು ಎರಡರಿಂದಲೂ ಭಾಗಾಕಾರ. ಅಂಕಿಗಳು 382 ಎಂದು ಸರಿಯಾಗಿಯೇ ಬರುತ್ತವೆ, ಘಾತ ಮಾತ್ರ −33. ಅಂಕಿ, ಮೈನಸ್ ಎರಡೂ ಸರಿ ಇದ್ದು ಘಾತದಲ್ಲಿ 14ರ ವ್ಯತ್ಯಾಸ, ಅಂದರೆ 7ರ ಎರಡು ಪಟ್ಟು, ಕಂಡರೆ ಛೇದಕ್ಕೆ ಕಂಸ ಹಾಕಿಲ್ಲವೆಂದೇ ಲೆಕ್ಕ. ಘಾತಕ್ಕೆಂದೇ ಇರುವ EXP ಅಥವಾ ×10ˣ ಕೀಲಿ ಬಳಸಿದರೆ 5.20 × 10⁻⁷ ಇಡಿಯಾಗಿ ಒಂದೇ ಸಂಖ್ಯೆಯಾಗುತ್ತದೆ, ಈ ತೊಂದರೆ ಬರುವುದಿಲ್ಲ.

ಹುಡುಗಿಯ ಲೆಕ್ಕದಲ್ಲಿ ಇದ್ಯಾವುದೂ ಆಗಿರಲಿಲ್ಲ. ಆಗಿದ್ದೆಲ್ಲ ಫೋಟೊದ ನಡುವಿನ ಈ ಒಂದು ಸಾಲಿನಲ್ಲಿ:

```
3.8 × 10⁻¹⁹ − 3.7 × 10⁻¹⁹ = 0.1 × 10⁻¹⁹
```

ಎಷ್ಟು ಸಲ ಈ ಸಾಲಿಗೆ ವಾಪಸು ಹೋಗಿ ನೋಡಿದೆನೋ. ಎಷ್ಟು ಶುಭ್ರವಾದ ಸಾಲು! ಘಾತ ಎರಡೂ ಕಡೆ ಒಂದೇ ಮಾಡಿಕೊಂಡು ಕಳೆದಿದ್ದಾಳೆ. ಬಹಳ ಮಂದಿ ಅದನ್ನೇ ಮರೆಯುತ್ತಾರೆ. ಆದರೆ ಕ್ಯಾಲ್ಕುಲೇಟರ್ ಕೊಟ್ಟದ್ದು ಫೋಟಾನಿಗೆ 3.82014, ಜೂಲ್‌ಗೆ ಬದಲಿಸಿದ ವರ್ಕ್ ಫಂಕ್ಷನ್‌ಗೆ 3.65256. ಮೊದಲನೆಯದು 3.8 ಆಗುವಾಗ 0.020 ಇಳಿಯಿತು, ಎರಡನೆಯದು 3.7 ಆಗುವಾಗ 0.047 ಏರಿತು. ಆ ಸಂಖ್ಯೆಗಳ ಮುಂದೆ ಇವು ಏನೇನೂ ಅಲ್ಲ, ಒಂದು ಶೇಕಡಾ ಅರ್ಧ, ಇನ್ನೊಂದು ಶೇಕಡಾ 1.3. ಆದರೆ ದೊಡ್ಡದು ಇಳಿದು ಚಿಕ್ಕದು ಏರಿದರೆ ಎರಡೂ ಸೇರಿ ವ್ಯತ್ಯಾಸವನ್ನೇ ತಿನ್ನುತ್ತವೆ. ನಿಜವಾದ ವ್ಯತ್ಯಾಸ 0.1676. ಅದರಲ್ಲಿ 0.0676 ಹೋಯಿತು, ಅಂದರೆ ಶೇಕಡಾ 40. ಉಳಿದದ್ದು 0.1. ಅದರಲ್ಲಿರುವುದು ಒಂದೇ ಒಂದು ಸಾರ್ಥಕ ಅಂಕಿ. ಅಲ್ಲಿಂದ ಮುಂದೆ ಎರಡು ಅಂಕಿಯ ಉತ್ತರ ಕೊಡಲು ಅವಳ ಹತ್ತಿರ ಮಾಹಿತಿಯೇ ಉಳಿದಿರಲಿಲ್ಲ.

ಗುಣಾಕಾರ, ಭಾಗಾಕಾರಗಳಷ್ಟೇ ಇರುವ ಲೆಕ್ಕದಲ್ಲಿ ನಡುವೆ ರೌಂಡ್ ಮಾಡಿದರೆ ಕೊನೆಯ ಅಂಕಿ ಒಂದೆರಡು ಆಚೀಚೆ ಆಗುತ್ತದೆ, ಅಷ್ಟೇ. ಹೆಚ್ಚುಕಡಿಮೆ ಸಮವಿರುವ ಎರಡು ಸಂಖ್ಯೆಗಳ ವ್ಯವಕಲನ ಬಂದಾಗ ಮುಂದಿನ ಅಂಕಿಗಳು ಒಂದನ್ನೊಂದು ಹೊಡೆದುಹಾಕುತ್ತವೆ, ನಾವು ಬೇಡವೆಂದು ಕತ್ತರಿಸಿದ ಬಾಲವೇ ಉತ್ತರವಾಗಿ ಉಳಿಯುತ್ತದೆ. ಅವಳಿಗೆ ನೆರವಾಗಿದ್ದೇನಾದರೂ ಇದ್ದರೆ ಅದು ವರ್ಗಮೂಲ. ಶಕ್ತಿಯಲ್ಲಿ ಶೇಕಡಾ 40ರ ತಪ್ಪು ವೇಗಕ್ಕೆ ಬರುವಷ್ಟರಲ್ಲಿ 23ಕ್ಕೆ ಇಳಿಯಿತು.

ಕೆಂಪು ಶಾಯಿಯವರ ಬಗ್ಗೆ ಒಂದು ಮಾತು. ಅವರು ಬರೆದ 1.9 ಸರಿ. ಆದರೆ ಗುರುತು ಹಾಕಿದ್ದು ಕೊನೆಯ ಸಾಲಿಗೆ, ಆ ಸಾಲಿನಲ್ಲಿ ತಪ್ಪೇ ಇರಲಿಲ್ಲ. 0.1 × 10⁻¹⁹ ಜೂಲ್‌ನಿಂದ ಬರುವ ವೇಗ 1.48 × 10⁵, ಎರಡು ಅಂಕಿಗೆ 1.5. ಉತ್ತರದಿಂದ ಹಿಂದಕ್ಕೆ ನಡೆದಿದ್ದರೆ ಸಾಕಿತ್ತು: 1.5 × 10⁵ನ್ನು ವರ್ಗ ಮಾಡಿ, ದ್ರವ್ಯರಾಶಿಯ ಅರ್ಧದಿಂದ ಗುಣಿಸಿದರೆ 1.02 × 10⁻²⁰ ಜೂಲ್ ಸಿಗುತ್ತದೆ. ಆ 1.02 ನೋಡಿದ ಕೂಡಲೇ ಕೈ 0.1 ಇರುವ ಸಾಲಿಗೆ ಹೋಗುತ್ತದೆ. ಮಕ್ಕಳ ಹಾಳೆ ನೋಡುವವರಿಗೆ ಇದು ಅರ್ಧ ನಿಮಿಷದ ಕೆಲಸ. ಉತ್ತರದ ಪಕ್ಕ ಉತ್ತರ ಬರೆದರೆ ಆ ಮಗುವಿಗೆ ತಿಳಿಯುವುದು ತಾನು ತಪ್ಪಿದೆ ಎಂಬುದಷ್ಟೇ.

ಅವಳನ್ನು ಕೇಳಿದೆ, "ಪ್ರತಿ ಸಾಲನ್ನೂ ಎರಡು ಅಂಕಿಗೆ ಇಳಿಸಿದ್ದು ಯಾಕೆ?" "ಪ್ರಶ್ನೆಯಲ್ಲೇ ಎರಡು ಅಂಕಿ ಅಂತ ಇತ್ತಲ್ಲ ಸರ್." ಪ್ರಶ್ನೆಯಲ್ಲಿ ಇದ್ದದ್ದು ಉತ್ತರದ ಬಗ್ಗೆ. ಅವಳು ಅದನ್ನು ಇಡೀ ಹಾಳೆಗೆ ಅನ್ವಯಿಸಿದಳು. ಶಿಸ್ತಿನ ಮಕ್ಕಳೇ ಇಲ್ಲಿ ಹೆಚ್ಚು ಸಿಕ್ಕಿಬೀಳುವುದು.

ಕ್ಯಾಲ್ಕುಲೇಟರಿನ SCI ವಿಧಾನವೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ. ಎರಡು ಅಂಕಿಗೆ ಹೊಂದಿಸಿದರೆ ಪರದೆಯ ಮೇಲೆ 3.8 ಕಾಣುತ್ತದೆ, ಆದರೆ ಒಳಗೆ ಪೂರ್ತಿ ಸಂಖ್ಯೆ ಇರುತ್ತದೆ. Ans ಅಥವಾ ಮೆಮೊರಿಯಿಂದ ಮುಂದುವರಿಸಿದರೆ ಸರಿಯಾಗಿ 1.7 × 10⁻²⁰ ಬರುತ್ತದೆ. ಪರದೆಯ 3.8ನ್ನು ಕಾಗದಕ್ಕೆ ಇಳಿಸಿ, ಕಾಗದದಿಂದ ಮತ್ತೆ ಯಂತ್ರಕ್ಕೆ ಒತ್ತಿದ ಕ್ಷಣ ಬಾಲ ಹೋಯಿತು. ಹಂತಗಳನ್ನು ಬರೆದು ತೋರಿಸಬೇಕಾದಾಗಲೂ ಕೊನೆಗೊಮ್ಮೆ ಇಡೀ ಲೆಕ್ಕವನ್ನು ಒಂದೇ ಸಾಲಿನಲ್ಲಿ ಒತ್ತಿ ತಾಳೆ ನೋಡಬಹುದು, E ಅಂದರೆ ಅದೇ EXP ಕೀಲಿ:

```
√(2×(6.626E-34×2.998E8÷5.20E-7−2.28×1.602E-19)÷9.109E-31)
```

ಇದು 1.918 × 10⁵ ಕೊಡುತ್ತದೆ. ಈಗ, ಈ ಕೊನೆಯಲ್ಲಿ, 1.9.

ಸ್ಥಿರಾಂಕಗಳನ್ನು ಮೊದಲೇ ಚಿಕ್ಕದು ಮಾಡಿಕೊಳ್ಳುವುದೂ ನಡುವೆ ರೌಂಡ್ ಮಾಡಿದಂತೆಯೇ. ಇದನ್ನು ಬಹಳ ಮಂದಿ ಒಪ್ಪುವುದಿಲ್ಲ, ಆದ್ದರಿಂದ ಅಂಕಿಯಲ್ಲೇ ತೋರಿಸುತ್ತೇನೆ. 6.63, 3.00, 1.60 ಹಾಕಿ ನೋಡಿ. ಫೋಟಾನಿಗೆ 3.825, ವರ್ಕ್ ಫಂಕ್ಷನ್‌ಗೆ 3.648, ವ್ಯತ್ಯಾಸ 0.177, ದ್ರವ್ಯರಾಶಿ 9.11 ಇಟ್ಟರೆ ವೇಗ 1.97 × 10⁵. ಎರಡು ಅಂಕಿಗೆ 2.0. ನಡುವೆ ಎಲ್ಲೂ ರೌಂಡ್ ಮಾಡದೆಯೂ ಎರಡನೇ ಅಂಕಿ ಬದಲಾಯಿತು. 2019ರ ಮೇ 20ರಿಂದ h ಮತ್ತು e ಎರಡಕ್ಕೂ ವ್ಯಾಖ್ಯಾನದಿಂದಲೇ ನಿಖರ ಬೆಲೆ ಇದೆ, c ಗೆ ಅದಕ್ಕೂ ಮೊದಲಿನಿಂದ ಇದೆ. ನಿಖರವಾಗಿ ಗೊತ್ತಿರುವುದನ್ನು ನಾವೇ ಮೊಂಡು ಮಾಡಿಕೊಳ್ಳುವುದಕ್ಕೆ ಕಾರಣವಿಲ್ಲ. ಪೂರ್ತಿ ಬೆಲೆ ಹಾಕಿದರೆ ವ್ಯತ್ಯಾಸ 0.1671, ವೇಗ 1.916 × 10⁵, ಉತ್ತರ 1.9.

ಹಾಗಾದರೆ 1.918 ಎಂದೇ ಬರೆಯಬಾರದೇ? ಬಾರದು. 5.20 ಅಂದರೆ ನಿಜ ಬೆಲೆ 5.195 ಮತ್ತು 5.205ರ ನಡುವೆ ಎಲ್ಲಾದರೂ ಇರಬಹುದು, 2.28 ಅಂದರೆ 2.275ರಿಂದ 2.285. ಈ ತುದಿಗಳನ್ನು ಹಾಕಿದರೆ ವೇಗ 1.85 × 10⁵ರಿಂದ 1.98 × 10⁵ರವರೆಗೆ ಓಡಾಡುತ್ತದೆ. ಮೂರನೇ ಅಂಕಿಗೆ ಅರ್ಥವೇ ಇಲ್ಲ. 1.5 ಈ ಪಟ್ಟಿಯ ಹತ್ತಿರಕ್ಕೂ ಬರುವುದಿಲ್ಲ.

ಅವಳಿಗೆ ಹೇಳಿದ ವಿಧಾನ ಸರಳ. ನಡುವಿನ ಸಾಲುಗಳಲ್ಲಿ ಅಂಕಿ ಕತ್ತರಿಸಬೇಡ. ಬೇಕಾದ್ದಕ್ಕಿಂತ ಎರಡು ಮೂರು ಅಂಕಿ ಹೆಚ್ಚಿಗೆ ಬರೆ, ವ್ಯವಕಲನ ಬರುವುದಿದ್ದರೆ ಇನ್ನೂ ಹೆಚ್ಚು. ಎಲ್ಲಿವರೆಗೆ ನಂಬಬಹುದೋ ಆ ಅಂಕಿಯ ಕೆಳಗೆ ಪುಟ್ಟ ಗೆರೆ ಎಳೆ. ಹಾಗೆ ಮಾಡಿದರೆ ಫೋಟೊ ನೋಡುವವರಿಗೂ ಎರಡೂ ಕಾಣುತ್ತದೆ: ಲೆಕ್ಕ ಯಾವ ಸಂಖ್ಯೆಯ ಮೇಲೆ ನಡೆದಿದೆ, ಅದರಲ್ಲಿ ಎಷ್ಟು ಗಟ್ಟಿ. ಹಾಗೇ 520 ನ್ಯಾನೊಮೀಟರ್ ಎಂದು ಬರೆಯುವ ಬದಲು 5.20 × 10² ಎಂದೇ ಬರೆ. 520ರ ಸೊನ್ನೆ ಅಳೆದದ್ದೋ, ಜಾಗ ತುಂಬಲು ಇಟ್ಟದ್ದೋ ತಿಳಿಯುವುದಿಲ್ಲ.

ಸಂಜೆ ಎರಡನೇ ಫೋಟೊ ಬಂತು. ಮಡಿಕೆ ಇಲ್ಲ, ಕಿಟಕಿಯ ಬೆಳಕಿನಲ್ಲಿ ತೆಗೆದದ್ದು, ಘಾತಗಳ ಮೈನಸ್‌ಗಳನ್ನು ಉದ್ದವಾಗಿ ಎಳೆದಿದ್ದಾಳೆ. 3.82014ರಲ್ಲಿ 2ರ ಕೆಳಗೆ ಗೆರೆ, 3.65256ರಲ್ಲಿ ಮೊದಲ 5ರ ಕೆಳಗೆ ಗೆರೆ, ಎರಡೂ ಸರಿ. ಕಳೆದ ಮೇಲೆ 0.16758, ಅದರಲ್ಲಿ 7ರ ಕೆಳಗೆ ಗೆರೆ. "ಮೇಲೆ ಮೂರು ಮೂರು ಅಂಕಿ ಇತ್ತು ಸರ್, ಅದಕ್ಕೆ ಇಲ್ಲೂ ಮೂರು ಎಣಿಸಿದೆ."

ಎಣಿಕೆ ಗುಣಾಕಾರ, ಭಾಗಾಕಾರಕ್ಕೆ. ಕೂಡುವಾಗ, ಕಳೆಯುವಾಗ ಸ್ಥಾನ ನೋಡಬೇಕು. ಮೇಲಿನ ಎರಡೂ ಗೆರೆಗಳು ದಶಾಂಶದ ಎರಡನೇ ಮನೆಯಲ್ಲಿವೆ, ಕೆಳಗಿನದೂ ಅಲ್ಲೇ ಬರಬೇಕು. ಸ್ವಲ್ಪ ಹೊತ್ತಿಗೆ ಮೂರನೇ ಫೋಟೊ ಬಂತು. 7ರ ಕೆಳಗಿನ ಗೆರೆ ರಬ್ಬರಿನಿಂದ ಅಳಿಸಿದ ಗುರುತಿತ್ತು, 6ರ ಕೆಳಗೆ ಹೊಸ ಗೆರೆ. ಮುಂದಿನ ಸಾಲಿನಲ್ಲಿ 1.6758 × 10⁻²⁰ ಹಾಗೆಯೇ ಇಳಿದು ಬಂದಿತ್ತು, ಕೊನೆಯ ಚೌಕದೊಳಗೆ 1.9 × 10⁵.